ಒಂದು ರಕ್ತಪರೀಕ್ಷೆಯ ಅಂಕಿ ನೋಡಿ ತೀರ್ಪು ಕೊಡಬೇಡಿ: ಕ್ರೀಡಾ ಇಲಾಖೆಗೂ ಕ್ರೀಡಾ ಸಂಸ್ಥೆಗಳಿಗೂ ಬಹಿರಂಗ ಪತ್ರ

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧಿಕಾರಿಗಳಿಗೆ, ರಾಜ್ಯದ ಕ್ರೀಡಾ ಸಂಸ್ಥೆಗಳ ಪದಾಧಿಕಾರಿಗಳಿಗೆ, ಕೂಟ ನಡೆಸುವ ದೈಹಿಕ ಶಿಕ್ಷಣ ಶಿಕ್ಷಕರಿಗೆ,

ಮಾನ್ಯರೇ,

ಹುಟ್ಟಿದಾಗ ಗಂಡು ಎಂದು ದಾಖಲಾಗಿ ಈಗ ಹೆಣ್ಣಾಗಿ ಬಾಳುವ ಟ್ರಾನ್ಸ್ ಮಹಿಳೆಯೊಬ್ಬರು ಮಹಿಳೆಯರ ವಿಭಾಗಕ್ಕೆ ಹೆಸರು ಕೊಟ್ಟಾಗ ಏನು ಮಾಡಬೇಕು ಎಂಬ ಪ್ರಶ್ನೆ ನಮ್ಮ ಕೂಟಗಳ ನೋಂದಣಿ ಮೇಜಿಗೂ ಬರುತ್ತದೆ. ಆಗ ಅಲ್ಲಿ ಕೂತವರು ಸಾಮಾನ್ಯವಾಗಿ ಹುಡುಕುವುದು ಒಂದು ಅಂಕಿಯನ್ನು. ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು ಟೆಸ್ಟೋಸ್ಟಿರಾನ್ ರಕ್ತದಲ್ಲಿ ಎಷ್ಟಿದೆ, ಎಷ್ಟರ ಒಳಗಿದ್ದರೆ ಬಿಡಬಹುದು ಎಂದು ಕೇಳುತ್ತಾರೆ. ಪತ್ರಿಕೆಯಲ್ಲಿ ಓದಿದ 10, 5, 2.5 ಎಂಬ ಸಂಖ್ಯೆಗಳಲ್ಲಿ ಯಾವುದೋ ಒಂದು ನೆನಪಿಗೆ ಬರುತ್ತದೆ, ಅದೇ ನಿಯಮವಾಗಿಬಿಡುತ್ತದೆ. ಕ್ರೀಡಾ ವೈದ್ಯಕೀಯ, ಪ್ರಯೋಗಾಲಯ ಮತ್ತು ತರಬೇತಿಯ ಕೆಲಸದಲ್ಲಿರುವ ನಾವು ಈ ಪತ್ರ ಬರೆಯುತ್ತಿರುವುದು ಆ ಅಂಕಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ನಿಮ್ಮ ಮುಂದಿಡಲು. ಈ ತಿಳಿವಳಿಕೆ ಇಲ್ಲದೆ ನಿಯಮ ಮಾಡಿದರೆ ಮಹಿಳಾ ಕ್ರೀಡಾಪಟುಗಳಿಗೂ ಅನ್ಯಾಯವಾಗುತ್ತದೆ, ಟ್ರಾನ್ಸ್ ಸಮುದಾಯದವರಿಗೂ ಅನ್ಯಾಯವಾಗುತ್ತದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಈ ಚರ್ಚೆಯಲ್ಲಿ ಹೆಸರು ಕೇಳಿಬರುವ ಓಟಗಾರ್ತಿಯರಾದ ನಮ್ಮ ದೇಶದ ಶಾಂತಿ ಸೌಂದರರಾಜನ್, ದ್ಯುತಿ ಚಂದ್, ದಕ್ಷಿಣ ಆಫ್ರಿಕಾದ ಕ್ಯಾಸ್ಟರ್ ಸೆಮೆನ್ಯಾ ಇವರಲ್ಲಿ ಯಾರೂ ಟ್ರಾನ್ಸ್ ಮಹಿಳೆಯರಲ್ಲ. ಹುಟ್ಟಿದಂದಿನಿಂದ ಹೆಣ್ಣುಮಕ್ಕಳಾಗಿಯೇ ಬೆಳೆದವರು. ಅವರ ಮೇಲೆ ಬಂದ ಪ್ರಶ್ನೆ ದೇಹದಲ್ಲಿ ತಾನಾಗಿಯೇ ಉತ್ಪತ್ತಿಯಾಗುವ ಹಾರ್ಮೋನಿಗೆ ಸಂಬಂಧಿಸಿದ್ದು. 2006ರ ದೋಹಾ ಏಷ್ಯನ್ ಕ್ರೀಡಾಕೂಟದ 800 ಮೀಟರ್ ಓಟದಲ್ಲಿ ಶಾಂತಿ ಗೆದ್ದ ಬೆಳ್ಳಿ ಪದಕವನ್ನು ಲಿಂಗ ಪರೀಕ್ಷೆಯ ನಂತರ ಹಿಂದಕ್ಕೆ ಪಡೆಯಲಾಯಿತು, ಗುಟ್ಟಾಗಿರಬೇಕಿದ್ದ ವಿಷಯ ಮಾಧ್ಯಮಗಳಲ್ಲಿ ಚರ್ಚೆಯಾಯಿತು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ತಂಡದಿಂದ ಹೊರಗುಳಿದ ದ್ಯುತಿ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯದ ಮೆಟ್ಟಿಲೇರಿದರು. ಸಹಜವಾಗಿ ಟೆಸ್ಟೋಸ್ಟಿರಾನ್ ಹೆಚ್ಚಿರುವ ಮಹಿಳೆಗೆ ಅದರಿಂದ ಎಷ್ಟು ಲಾಭ ಸಿಗುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಒದಗಿಸಿಲ್ಲ ಎಂದು 2015ರ ಜುಲೈನಲ್ಲಿ ಆ ನ್ಯಾಯಾಲಯ ಅಂದಿನ ನಿಯಮವನ್ನು ಅಮಾನತಿನಲ್ಲಿಟ್ಟಿತು. ಟ್ರಾನ್ಸ್ ಮಹಿಳೆಯರ ವಿಷಯ ಬೇರೆ. ಅವರಲ್ಲಿ ಬಹುತೇಕರು ಹರೆಯದಲ್ಲಿ ಪುರುಷ ಪ್ರಮಾಣದ ಟೆಸ್ಟೋಸ್ಟಿರಾನ್ ಪಡೆದು, ನಂತರ ಔಷಧಿಯಿಂದ ಅದನ್ನು ಇಳಿಸಿಕೊಂಡಿರುತ್ತಾರೆ. ಇನ್ನು ಟ್ರಾನ್ಸ್ ಪುರುಷರು ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುವವರು, ಅವರ ತೊಡಕು ಮೂರನೆಯದೇ ಒಂದು. ಈ ಮೂರನ್ನೂ ಒಂದೇ ಸುತ್ತೋಲೆಯ ಒಂದೇ ಸಾಲಿಗೆ ತುರುಕಿದರೆ ಮೊದಲು ಪೆಟ್ಟು ತಿನ್ನುವುದು ಯಾವ ಚರ್ಚೆಯಲ್ಲೂ ಇಲ್ಲದ, ಸ್ವಲ್ಪ ಗಟ್ಟಿಮುಟ್ಟಾದ ಹಳ್ಳಿಯ ಹುಡುಗಿ.

ಈಗ ಹಾರ್ಮೋನಿನ ವಿಷಯ. ಹರೆಯಕ್ಕೆ ಮುಂಚೆ ಹುಡುಗ ಹುಡುಗಿಯರ ಓಟದಲ್ಲಿ, ಈಜಿನಲ್ಲಿ ವ್ಯತ್ಯಾಸ ಬಹಳ ಚಿಕ್ಕದು. 12-13ನೇ ವಯಸ್ಸಿನ ಹೊತ್ತಿಗೆ ಅಂತರ ಬಿಚ್ಚಿಕೊಳ್ಳಲು ಶುರುವಾಗಿ, ದೊಡ್ಡವರಾಗುವಷ್ಟರಲ್ಲಿ ಓಟ ಮತ್ತು ಈಜಿನಲ್ಲಿ ಶೇ 10ರಿಂದ 12ಕ್ಕೆ, ಜಿಗಿತದಲ್ಲಿ ಸುಮಾರು ಶೇ 20ಕ್ಕೆ ಬಂದು ನಿಲ್ಲುತ್ತದೆ. ಇದೇ ಅವಧಿಯಲ್ಲಿ ಹುಡುಗರ ರಕ್ತದ ಟೆಸ್ಟೋಸ್ಟಿರಾನ್ ಹಲವು ಪಟ್ಟು ಏರುತ್ತದೆ. ಡೇವಿಡ್ ಹ್ಯಾಂಡೆಲ್ಸ್‌ಮನ್ ಮತ್ತು ಸಹ ಸಂಶೋಧಕರು 2018ರಲ್ಲಿ ಕ್ರೋಡೀಕರಿಸಿದಂತೆ, ಆರೋಗ್ಯವಂತ ಯುವ ಪುರುಷರಲ್ಲಿ ಅದು ಲೀಟರಿಗೆ 7.7ರಿಂದ 29.4 ನ್ಯಾನೋಮೋಲ್, ಮಹಿಳೆಯರಲ್ಲಿ 1.7ರ ಒಳಗೆ. ಎರಡು ಶ್ರೇಣಿಗಳ ನಡುವೆ ಖಾಲಿ ಜಾಗವಿದೆ, ಒಂದರ ಮೇಲೊಂದು ಬೀಳುವುದಿಲ್ಲ. ಹಾರ್ಮೋನು ಮಾಡುವ ಕೆಲಸವನ್ನು ನೇರವಾಗಿ ಪರೀಕ್ಷಿಸಿದ ಪ್ರಯೋಗವೂ ಇದೆ. ಸ್ವೀಡನ್ನಿನಲ್ಲಿ 48 ಆರೋಗ್ಯವಂತ ಯುವತಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 10 ಮಿಲಿಗ್ರಾಂ ಟೆಸ್ಟೋಸ್ಟಿರಾನ್ ಇರುವ ಮುಲಾಮನ್ನೂ ಇನ್ನೊಂದು ಗುಂಪಿಗೆ ಔಷಧಿಯಿಲ್ಲದ ಮುಲಾಮನ್ನೂ 10 ವಾರ ಹಚ್ಚಲು ಕೊಟ್ಟರು. ಯಾರಿಗೆ ಯಾವುದು ಎಂಬುದು ಹಚ್ಚಿಕೊಂಡವರಿಗೂ ಗೊತ್ತಿರಲಿಲ್ಲ, ಅಳೆದವರಿಗೂ ಗೊತ್ತಿರಲಿಲ್ಲ. ಔಷಧಿ ಪಡೆದವರ ಹಾರ್ಮೋನು 0.9ರಿಂದ 4.3ಕ್ಕೆ ಏರಿತು, ದಣಿದು ನಿಲ್ಲುವವರೆಗೆ ಓಡುವ ಸಮಯ ಶೇ 8.5ರಷ್ಟು ಹೆಚ್ಚಿತು. ಆದ್ದರಿಂದ ಟೆಸ್ಟೋಸ್ಟಿರಾನಿಗೂ ಸಾಮರ್ಥ್ಯಕ್ಕೂ ಸಂಬಂಧವೇ ಇಲ್ಲ ಎಂಬ ವಾದವನ್ನು ನಾವು ಒಪ್ಪುವುದಿಲ್ಲ.

ಆದರೆ ಕ್ರೀಡಾ ಸಂಸ್ಥೆಗಳ ಮುಂದಿರುವ ಪ್ರಶ್ನೆ ಇದರ ತಿರುವು ಮುರುವು. ಏರಿದ ಹಾರ್ಮೋನನ್ನು ಇಳಿಸಿದರೆ ಸಾಮರ್ಥ್ಯವೂ ಅದರ ಜೊತೆ ಇಳಿಯುತ್ತದೆಯೇ? ಮನೆ ಕಟ್ಟಿ ಮುಗಿದ ಮೇಲೆ ಮೇಸ್ತ್ರಿಯನ್ನು ಕಳಿಸಿಬಿಟ್ಟರೆ ಗೋಡೆ ಬೀಳುವುದಿಲ್ಲ. ದೇಹದಲ್ಲಿ ಟೆಸ್ಟೋಸ್ಟಿರಾನ್ ಮಾಡಿಟ್ಟ ಕೆಲಸಗಳಲ್ಲಿ ಕೆಲವು ಬೇಗ ಕರಗುತ್ತವೆ, ಕೆಲವು ನಿಧಾನವಾಗಿ, ಕೆಲವು ಎಂದಿಗೂ ಇಲ್ಲ.

ಬೇಗ ಇಳಿಯುವುದು ಹಿಮೋಗ್ಲೋಬಿನ್. ರಕ್ತದಲ್ಲಿ ಆಮ್ಲಜನಕ ಹೊರುವ ಈ ಅಂಶ ಚಿಕಿತ್ಸೆ ಆರಂಭವಾದ 3ರಿಂದ 4 ತಿಂಗಳಲ್ಲಿ ಮಹಿಳೆಯರ ಮಟ್ಟಕ್ಕೆ ಬರುತ್ತದೆ ಎಂದು 2021ರಲ್ಲಿ ಜೊಆನಾ ಹಾರ್ಪರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ಸ್ನಾಯುಗಳ ಕತೆ ಹಾಗಲ್ಲ. ಸ್ವೀಡನ್ನಿನದೇ ಇನ್ನೊಂದು ಅಧ್ಯಯನದಲ್ಲಿ 11 ಟ್ರಾನ್ಸ್ ಮಹಿಳೆಯರನ್ನು ಒಂದು ವರ್ಷ ಗಮನಿಸಿದಾಗ ತೊಡೆಯ ಸ್ನಾಯುವಿನ ಗಾತ್ರ ಸುಮಾರು ಶೇ 5ರಷ್ಟು ಕುಗ್ಗಿತ್ತು, ಕಾಲಿನ ಬಲ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಎತ್ತರ, ತೋಳಿನ ಉದ್ದ, ಭುಜದ ಅಗಲ, ಅಂಗೈಯ ಗಾತ್ರ ಇವು ಬೆಳವಣಿಗೆ ಮುಗಿದ ಮೇಲೆ ಯಾವ ಮಾತ್ರೆಯಿಂದಲೂ ಬದಲಾಗುವುದಿಲ್ಲ. 12 ತಿಂಗಳು ಹಾರ್ಮೋನು ಇಳಿದಿದ್ದರೆ ಸಾಕು ಎಂಬ ಹಳೆಯ ನಿಯಮ ಎಡವಿದ್ದು ಇಲ್ಲೇ. ರಕ್ತ ಆ ಹೊತ್ತಿಗೆ ಬದಲಾಗಿರುತ್ತದೆ, ತೊಡೆ ಬದಲಾಗಿರುವುದಿಲ್ಲ.

ಒಂದು ಅಧ್ಯಯನವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಪರ ವಿರೋಧ ಎರಡೂ ಕಡೆಯವರು ಅದನ್ನೇ ಎತ್ತಿ ತೋರಿಸುತ್ತಾರೆ. ಅಮೆರಿಕದ ವಾಯುಪಡೆಯಲ್ಲಿ ಎಲ್ಲ ಸಿಬ್ಬಂದಿಗೂ ನಿಗದಿತ ದೈಹಿಕ ಪರೀಕ್ಷೆ ಇದೆ. ಅಧ್ಯಯನದ ಕಾಲದಲ್ಲಿ ಅದರಲ್ಲಿದ್ದದ್ದು ಒಂದು ನಿಮಿಷದ ಪುಷ್ಅಪ್, ಒಂದು ನಿಮಿಷದ ಸಿಟ್ಅಪ್, ಒಂದೂವರೆ ಮೈಲಿ ಅಂದರೆ ಸುಮಾರು 2.4 ಕಿಲೋಮೀಟರ್ ಓಟ. ಚಿಕಿತ್ಸೆ ಪಡೆದ 46 ಟ್ರಾನ್ಸ್ ಮಹಿಳೆಯರ ಮತ್ತು 29 ಟ್ರಾನ್ಸ್ ಪುರುಷರ ದಾಖಲೆಗಳನ್ನು ಸಂಶೋಧಕರು ತೆಗೆದು ನೋಡಿದರು. ಚಿಕಿತ್ಸೆಗೆ ಮುಂಚೆ ಟ್ರಾನ್ಸ್ ಮಹಿಳೆಯರು ಸಹೋದ್ಯೋಗಿ ಮಹಿಳೆಯರಿಗಿಂತ ಶೇ 31ರಷ್ಟು ಹೆಚ್ಚು ಪುಷ್ಅಪ್, ಶೇ 15ರಷ್ಟು ಹೆಚ್ಚು ಸಿಟ್ಅಪ್ ಮಾಡುತ್ತಿದ್ದರು, ಓಟದಲ್ಲಿ ಶೇ 21ರಷ್ಟು ಮುಂದಿದ್ದರು. ಎರಡು ವರ್ಷದ ಚಿಕಿತ್ಸೆಯ ನಂತರ ಪುಷ್ಅಪ್, ಸಿಟ್ಅಪ್‌ಗಳ ಅಂತರ ಅಳಿಸಿಹೋಯಿತು. ಓಟದಲ್ಲಿ ಇನ್ನೂ ಶೇ 12ರ ಮುನ್ನಡೆ ಉಳಿದಿತ್ತು.

ಇದನ್ನು ಓದುವುದು ಹೇಗೆ? ಶೇ 12 ಎಂದರೆ, ಆ ದೂರವನ್ನು ಒಬ್ಬ ಮಹಿಳೆ 15 ನಿಮಿಷದಲ್ಲಿ ಮುಗಿಸಿದರೆ ಇನ್ನೊಬ್ಬರು ಸುಮಾರು 1 ನಿಮಿಷ 48 ಸೆಕೆಂಡ್ ಮುಂಚೆ ಮುಗಿಸಿರುತ್ತಾರೆ. ಸ್ಪರ್ಧೆಯಲ್ಲಿ ಇದು ದೊಡ್ಡದು. ಎರಡು ನಿಮಿಷದಲ್ಲಿ ಮುಗಿಯುವ 800 ಮೀಟರ್ ಓಟದಲ್ಲಿ ಶೇ 1 ಅಂದರೆ 1.2 ಸೆಕೆಂಡ್, ಪದಕ ಕೈತಪ್ಪಲು ಅಷ್ಟೇ ಸಾಕು. ಪುಷ್ಅಪ್ ಸಮವಾಯಿತು ಎಂಬುದನ್ನೂ ಎಚ್ಚರಿಕೆಯಿಂದ ಓದಬೇಕು. ಪುಷ್ಅಪ್‌ನಲ್ಲಿ ಎತ್ತುವುದು ನಮ್ಮದೇ ಮೈಭಾರ. ಹೆಚ್ಚು ತೂಕದ ದೇಹ ಅಷ್ಟೇ ಬಾರಿ ಮೇಲೆದ್ದಿದೆ ಎಂದರೆ ಅದು ಮಾಡಿದ ಒಟ್ಟು ಕೆಲಸ ಹೆಚ್ಚು. ಭಾರ ಎತ್ತುವ ಸ್ಪರ್ಧೆಗೂ ಇದೇ ಸಮಾನತೆ ಅನ್ವಯಿಸುತ್ತದೆ ಎಂದು ಹೇಳಲು ಬರುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಇವರು ಕ್ರೀಡಾಪಟುಗಳಲ್ಲ, ಉದ್ಯೋಗದ ಪರೀಕ್ಷೆ ಪಾಸಾಗಲು ಓಡಿದ ಸಿಬ್ಬಂದಿ. ಯಾರು ಎಷ್ಟು ಅಭ್ಯಾಸ ಮಾಡುತ್ತಿದ್ದರು ಎಂಬುದನ್ನು ಅಧ್ಯಯನ ಹಿಡಿತದಲ್ಲಿಟ್ಟುಕೊಂಡಿರಲಿಲ್ಲ. ಈ ಶೇ 12 ಅನ್ನು ಹಾಗೇ ಎತ್ತಿಕೊಂಡು ಹೋಗಿ ರಾಜ್ಯ ಮಟ್ಟದ ಓಟಗಾರ್ತಿಯ ಮೇಲೆ ಹಾಕುವುದು ತಪ್ಪು.

ಕ್ರೀಡೆಯಲ್ಲಿ ತೊಡಗಿರುವ ಟ್ರಾನ್ಸ್ ಮಹಿಳೆಯರನ್ನೇ ಪ್ರಯೋಗಾಲಯಕ್ಕೆ ಕರೆಸಿ ಅಳೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಬ್ರೈಟನ್ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಹಣದಿಂದ ನಡೆದದ್ದು ಅದು. 23 ಟ್ರಾನ್ಸ್ ಮಹಿಳೆಯರಲ್ಲಿ ಕೈಹಿಡಿತದ ಬಲ ಇತರ ಮಹಿಳೆಯರಿಗಿಂತ ಹೆಚ್ಚು ಇತ್ತು. ಆದರೆ ಮೈತೂಕಕ್ಕೆ ಹೋಲಿಸಿದ ಜಿಗಿತದ ಎತ್ತರವೂ, ಮೈತೂಕದ ಪ್ರತಿ ಕಿಲೋಗೆ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣವೂ ಕಡಿಮೆ ಇದ್ದವು. ಹೀಗಾಗಲು ಒಂದು ಸರಳ ಕಾರಣ ಊಹಿಸಬಹುದು. ದೊಡ್ಡ ಚೌಕಟ್ಟು ಹಾಗೇ ಇದೆ, ಅದನ್ನು ಹೊತ್ತು ಓಡಿಸುವ ರಕ್ತ, ಸ್ನಾಯು ಮಾತ್ರ ಕುಗ್ಗಿವೆ. ಈ ಅಧ್ಯಯನದ ಮಿತಿಯನ್ನೂ ಹೇಳಬೇಕು. ಪ್ರತಿಯೊಬ್ಬರನ್ನೂ ಒಂದೇ ಸಲ ಅಳೆದದ್ದು, ಚಿಕಿತ್ಸೆಗೆ ಮುಂಚೆ ಅವರು ಹೇಗಿದ್ದರು ಎಂಬ ಅಳತೆ ಅದರಲ್ಲಿಲ್ಲ. ಎಲ್ಲರ ತರಬೇತಿ ಮಟ್ಟವೂ ಒಂದೇ ಆಗಿರಲಿಲ್ಲ. ಆದರೂ ಸಂಘಟಕರಿಗೆ ಇದರಲ್ಲಿ ಒಂದು ಮುಖ್ಯ ಪಾಠವಿದೆ. ಲಾಭ ಎಂಬುದು ಎಲ್ಲ ಆಟಕ್ಕೂ ಒಂದೇ ಅಲ್ಲ. ಕಬಡ್ಡಿಯಲ್ಲಿ ರೈಡರ್‌ನ ಕಾಲು ಹಿಡಿದು ನಿಲ್ಲಿಸುವಾಗ ಕೈಹಿಡಿತವೂ ಮೈಭಾರವೂ ನೇರವಾಗಿ ಕೆಲಸಕ್ಕೆ ಬರುತ್ತವೆ, ಎದುರಾಳಿಗೆ ಗಾಯವಾಗುವ ಪ್ರಶ್ನೆಯೂ ಇದೆ. 10 ಕಿಲೋಮೀಟರ್ ಓಟದಲ್ಲಿ ಅದೇ ಭಾರ ಹೊರೆ. ಚದುರಂಗ, ಕೇರಂಗಳಲ್ಲಿ ಈ ಚರ್ಚೆಗೇ ಜಾಗವಿಲ್ಲ.

ಇಷ್ಟರಿಂದ ನಾವು ಬಂದಿರುವ ಅಭಿಪ್ರಾಯ ಹೀಗಿದೆ. ಪುರುಷ ಹರೆಯ ಪೂರ್ತಿ ದಾಟಿದವರಲ್ಲಿ ಬಲ, ವೇಗ, ಗಾತ್ರ ಅವಲಂಬಿಸಿದ ಆಟಗಳ ಮುನ್ನಡೆಯ ಒಂದು ಭಾಗ ಹಾರ್ಮೋನು ಇಳಿಸಿದ ಎರಡು ಮೂರು ವರ್ಷಗಳ ನಂತರವೂ ಉಳಿಯುತ್ತದೆ ಎಂಬುದೇ ಸದ್ಯದ ಪುರಾವೆಯ ಒಲವು. ಆದ್ದರಿಂದ ಪದಕ, ದಾಖಲೆ, ತಂಡದ ಆಯ್ಕೆ ನಿರ್ಧಾರವಾಗುವ ಮಟ್ಟದಲ್ಲಿ ಮಹಿಳಾ ವಿಭಾಗಕ್ಕೆ ಪ್ರತ್ಯೇಕ ಅರ್ಹತೆ ಇಡುವುದನ್ನು ನಾವು ದ್ವೇಷ ಎಂದು ಕರೆಯುವುದಿಲ್ಲ. ವರ್ಷಗಟ್ಟಲೆ ಬೆಳಗಿನ ಜಾವ ಮೈದಾನಕ್ಕೆ ಬಂದ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಹಾಗೆಯೇ, ಉಳಿಯುವ ಮುನ್ನಡೆ ಎಷ್ಟು ಎಂದು ಆಟವಾರು ಹೇಳುವಷ್ಟು ಪುರಾವೆ ಇನ್ನೂ ಸೇರಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳುತ್ತೇವೆ. ಹರೆಯ ಶುರುವಾಗುವ ಹೊತ್ತಿಗೇ ಅದನ್ನು ತಡೆಯುವ ಚಿಕಿತ್ಸೆ ಪಡೆದವರಿಗೆ ಮೇಲಿನ ಮಾತು ಅನ್ವಯಿಸುವುದಿಲ್ಲ. ವಿಶ್ವ ಈಜು ಒಕ್ಕೂಟ 2022ರ ಜೂನ್‌ನಲ್ಲಿ ತಂದ ನಿಯಮವೂ ಈ ವ್ಯತ್ಯಾಸ ಒಪ್ಪಿಕೊಂಡು, ಪುರುಷ ಹರೆಯದ ಎರಡನೇ ಹಂತ ಅಥವಾ 12ನೇ ವಯಸ್ಸು, ಇವುಗಳಲ್ಲಿ ಯಾವುದು ತಡವೋ ಅದನ್ನು ಗಡಿಯಾಗಿ ಇಟ್ಟಿದೆ.

ಅಂಕಿಗಳ ಕಡೆಗೆ ಬರೋಣ. ಒಲಿಂಪಿಕ್ ಸಮಿತಿ 2003ರಲ್ಲಿ ಶಸ್ತ್ರಚಿಕಿತ್ಸೆಯನ್ನೇ ಕಡ್ಡಾಯ ಮಾಡಿತ್ತು. 2015ರಲ್ಲಿ ಅದನ್ನು ಬಿಟ್ಟು, 12 ತಿಂಗಳು ಟೆಸ್ಟೋಸ್ಟಿರಾನ್ 10 ನ್ಯಾನೋಮೋಲ್ ಒಳಗಿರಬೇಕು ಎಂದಿತು. ಮಹಿಳೆಯರ ಗರಿಷ್ಠ ಮಿತಿಯ ಐದಾರು ಪಟ್ಟು ಅದು, ಪುರುಷರ ಶ್ರೇಣಿಯ ಕೆಳತುದಿಯೂ ಅದರೊಳಗೇ ಬರುತ್ತದೆ. 2021ರ ನವೆಂಬರಿನಲ್ಲಿ ಒಂದೇ ಅಂಕಿ ಎಲ್ಲರಿಗೂ ಎಂಬ ಪದ್ಧತಿ ಬಿಟ್ಟು, ಆಯಾ ಆಟದ ಒಕ್ಕೂಟವೇ ನಿಯಮ ಮಾಡಲಿ ಎಂದಿತು. ವಿಶ್ವ ಅಥ್ಲೆಟಿಕ್ಸ್ 2023ರ ಮಾರ್ಚ್‌ನಲ್ಲಿ ಪುರುಷ ಹರೆಯ ದಾಟಿದ ಟ್ರಾನ್ಸ್ ಮಹಿಳೆಯರನ್ನು ಮಹಿಳಾ ವಿಭಾಗದಿಂದ ಹೊರಗಿಟ್ಟಿತು. ದ್ಯುತಿ, ಸೆಮೆನ್ಯಾರಂಥ ಮಹಿಳೆಯರ ವರ್ಗಕ್ಕೆ 24 ತಿಂಗಳು 2.5ರ ಒಳಗೆ ಎಂದು ವಿಧಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯೂ ಪುರುಷ ಹರೆಯ ದಾಟಿದವರು ಅಂತರರಾಷ್ಟ್ರೀಯ ಮಹಿಳಾ ಪಂದ್ಯ ಆಡುವಂತಿಲ್ಲ ಎಂದಿತು. 2025ರ ಸೆಪ್ಟೆಂಬರ್ 1ರಿಂದ ವಿಶ್ವ ರ‍್ಯಾಂಕಿಂಗ್ ಸ್ಪರ್ಧೆಗಳ ಮಹಿಳಾ ವಿಭಾಗಕ್ಕೆ ವಿಶ್ವ ಅಥ್ಲೆಟಿಕ್ಸ್, ಸಾಮಾನ್ಯವಾಗಿ ಗಂಡಸರಲ್ಲಿರುವ ಎಸ್‌ಆರ್‌ವೈ ಎಂಬ ವಂಶವಾಹಿಯ ಪರೀಕ್ಷೆ ತಂದಿದೆ. ಅಂದರೆ, ನೋಂದಣಿ ಮೇಜಿನಲ್ಲಿ ಯಾರಾದರೂ 2.5ರ ಒಳಗಿದ್ದರೆ ಸಾಕಲ್ಲವೇ ಎಂದು ಕೇಳಿದರೆ, ಟ್ರಾನ್ಸ್ ಮಹಿಳೆಯರ ಮಟ್ಟಿಗೆ ಅಥ್ಲೆಟಿಕ್ಸ್‌ನಲ್ಲಿ ಅದು ನಿಯಮವೇ ಅಲ್ಲ.

ಆದರೂ ಯಾವುದೋ ಆಟದ ನಿಯಮದಂತೆ ರಕ್ತಪರೀಕ್ಷೆಯ ವರದಿ ನಿಮ್ಮ ಕೈಗೆ ಬಂದರೆ, ಅದನ್ನು ಓದುವ ಮುನ್ನ ಘಟಕ ನೋಡಿ. ಅಂತರರಾಷ್ಟ್ರೀಯ ನಿಯಮಗಳು ಲೀಟರಿಗೆ ನ್ಯಾನೋಮೋಲ್ ಲೆಕ್ಕದಲ್ಲಿವೆ. ನಮ್ಮ ಊರುಗಳ ಪ್ರಯೋಗಾಲಯಗಳು ಸಾಮಾನ್ಯವಾಗಿ ಡೆಸಿಲೀಟರಿಗೆ ನ್ಯಾನೋಗ್ರಾಂ ಎಂದು ಮುದ್ರಿಸುತ್ತವೆ, ಕೆಲವು ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದು ಕೊಡುತ್ತವೆ. ಬದಲಿಸುವ ಸೂತ್ರ ಇಷ್ಟೇ:

```
nmol/L = (ng/dL) ÷ 28.84
ng/dL  = (ng/mL) × 100
```

ವರದಿಯಲ್ಲಿ 68 ng/dL ಎಂದಿದೆ ಎಂದುಕೊಳ್ಳಿ. 28.84ರಿಂದ ಭಾಗಿಸಿದರೆ 2.36 ನ್ಯಾನೋಮೋಲ್. 2.5ರ ಮಿತಿ ಇದ್ದರೆ ಒಳಗೆ. ಅದೇ ರಕ್ತವನ್ನು ಇನ್ನೊಂದು ಪ್ರಯೋಗಾಲಯ 0.68 ng/mL ಎಂದು ಬರೆದುಕೊಡಬಹುದು. ಘಟಕ ನೋಡದ ಗುಮಾಸ್ತರಿಗೆ ಮೊದಲನೆಯದು ಭಯಂಕರವಾಗಿ ಕಾಣುತ್ತದೆ, ಎರಡನೆಯದು ಏನೂ ಇಲ್ಲದಂತೆ ಕಾಣುತ್ತದೆ. ಎರಡೂ ಒಂದೇ.

ಇನ್ನು ಅಳೆದ ವಿಧಾನ. ಸಾಮಾನ್ಯ ಪ್ರಯೋಗಾಲಯಗಳಲ್ಲಿ ಬಳಸುವುದು ಪ್ರತಿಕಾಯ ಆಧರಿಸಿದ ಇಮ್ಯುನೋಅಸ್ಸೇ. ಪುರುಷರ ಮಟ್ಟದಲ್ಲಿ ಅದು ಪರವಾಗಿಲ್ಲ. ಮಹಿಳೆಯರ ಕಡಿಮೆ ಮಟ್ಟಕ್ಕೆ ಬಂದಾಗ, ಟೆಸ್ಟೋಸ್ಟಿರಾನನ್ನೇ ಹೋಲುವ ಬೇರೆ ಸ್ಟೀರಾಯ್ಡ್‌ಗಳನ್ನೂ ಕೆಲವೊಮ್ಮೆ ಸೇರಿಸಿ ಎಣಿಸಿಬಿಡುತ್ತದೆ, ಕೆಲವೊಮ್ಮೆ ಇರುವುದಕ್ಕಿಂತ ಕಡಿಮೆಯೂ ತೋರಿಸುತ್ತದೆ. ಮೇಲಿನ 2.36 ಎಂಬುದು ನಿಜ ಮಟ್ಟಕ್ಕಿಂತ ಶೇ 15 ಕಡಿಮೆ ತೋರಿಸಿದ ಅಳತೆಯಾಗಿದ್ದರೆ ನಿಜವಾದದ್ದು 2.77, ಅಂದರೆ ಮಿತಿಯ ಹೊರಗೆ. ಹೆಚ್ಚು ತೋರಿಸಿದ್ದರೆ ಇನ್ನೂ ಒಳಗೆ. ಗಡಿಯ ಹತ್ತಿರದ ಅಂಕಿಯನ್ನು ಇಮ್ಯುನೋಅಸ್ಸೇಯಿಂದ ತೀರ್ಮಾನಿಸುವುದು ನಾಣ್ಯ ಚಿಮ್ಮಿದಷ್ಟೇ ಸರಿ. ದ್ರವ ಕ್ರೊಮ್ಯಾಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ಸೇರಿಸಿದ ವಿಧಾನದಿಂದ ಅಳೆದ ವರದಿಯನ್ನೇ ಕೇಳಿ, ವಿಧಾನದ ಹೆಸರು ಸಾಮಾನ್ಯವಾಗಿ ವರದಿಯಲ್ಲೇ ಮುದ್ರಿತವಾಗಿರುತ್ತದೆ. ರಕ್ತವನ್ನು ಬೆಳಗ್ಗೆ ತೆಗೆಯಬೇಕು, ಏಕೆಂದರೆ ದಿನದ ಹೊತ್ತಿಗೆ ತಕ್ಕಂತೆ ಹಾರ್ಮೋನಿನ ಮಟ್ಟ ಏರಿಳಿಯುತ್ತದೆ. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ನುಂಗುವವರಲ್ಲಿ ಕೆಲವು ಇಮ್ಯುನೋಅಸ್ಸೇ ಯಂತ್ರಗಳು ಟೆಸ್ಟೋಸ್ಟಿರಾನನ್ನು ಸುಳ್ಳೇ ಹೆಚ್ಚಾಗಿ ತೋರಿಸುತ್ತವೆ. ಅದನ್ನೂ ಕೇಳಿ ಬರೆದುಕೊಳ್ಳಿ. ಇಷ್ಟೆಲ್ಲ ಮಾಡಿದ ಮೇಲೂ ನಿಮಗೆ ಸಿಗುವುದು ಆ ಬೆಳಗಿನ ರಕ್ತದ ಲೆಕ್ಕ ಮಾತ್ರ. ಹರೆಯದಲ್ಲಿ ಆ ದೇಹ ಏನಾಯಿತು ಎಂಬುದು ಅದರಲ್ಲಿಲ್ಲ.

ಹಾಗಾದರೆ ವಂಶವಾಹಿ ಪರೀಕ್ಷೆಯೇ ಸರಳವಲ್ಲವೇ, ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ತೆಗೆದರೆ ಮುಗಿಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಎಸ್‌ಆರ್‌ವೈ ಎಂಬುದು ಸಾಮಾನ್ಯವಾಗಿ ವೈ ವರ್ಣತಂತುವಿನ ಮೇಲಿದ್ದು, ಭ್ರೂಣದಲ್ಲಿ ವೃಷಣ ಬೆಳೆಯಲು ಚಾಲನೆ ಕೊಡುವ ವಂಶವಾಹಿ. ಅದು ಇದೆ ಎಂದು ಗೊತ್ತಾದರೆ ಅಷ್ಟೇ ಗೊತ್ತಾಯಿತು. ಟೆಸ್ಟೋಸ್ಟಿರಾನ್ ಉತ್ಪತ್ತಿಯಾಯಿತೇ, ಆದದ್ದನ್ನು ದೇಹ ಬಳಸಿಕೊಂಡಿತೇ ಎಂಬುದು ಗೊತ್ತಾಗುವುದಿಲ್ಲ. ಕೆಲವು ಮಹಿಳೆಯರ ಜೀವಕೋಶಗಳಿಗೆ ಆ ಹಾರ್ಮೋನನ್ನು ಗುರುತಿಸುವ ಶಕ್ತಿಯೇ ಇರುವುದಿಲ್ಲ. ರಕ್ತದಲ್ಲಿ ಎಷ್ಟೇ ಇದ್ದರೂ ಸ್ನಾಯುವಿಗೆ ಅದರಿಂದ ಏನೂ ಬರುವುದಿಲ್ಲ. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮಾರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೊ ಅಂಥವರು. 1985ರಲ್ಲಿ ವರ್ಣತಂತು ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ ಕ್ರೀಡೆಯಿಂದ ಹೊರಬಿದ್ದ ಅವರಿಗೆ ಮತ್ತೆ ಅರ್ಹತೆ ಸಿಕ್ಕಿದ್ದು ಮೂರು ವರ್ಷದ ಹೋರಾಟದ ನಂತರ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 3,387 ಮಹಿಳೆಯರನ್ನು ಪರೀಕ್ಷಿಸಿದಾಗ 8 ಮಂದಿಯಲ್ಲಿ ಎಸ್‌ಆರ್‌ವೈ ಕಂಡುಬಂತು. ಅವರಲ್ಲಿ 7 ಮಂದಿಗೆ ಹಾರ್ಮೋನಿಗೆ ಪೂರ್ತಿಯಾಗಿಯೋ ಭಾಗಶಃವೋ ಸ್ಪಂದಿಸದ ದೇಹಸ್ಥಿತಿ ಇತ್ತು. 8 ಮಂದಿಯೂ ಸ್ಪರ್ಧಿಸಿದರು. ಮೂರು ವರ್ಷದೊಳಗೆ ಒಲಿಂಪಿಕ್ ಸಮಿತಿ ಆ ಪರೀಕ್ಷಾ ಪದ್ಧತಿಯನ್ನೇ ಕೈಬಿಟ್ಟಿತು. ಇಂದಿನ ವಿಶ್ವ ಅಥ್ಲೆಟಿಕ್ಸ್ ನಿಯಮವೂ ಪೂರ್ತಿ ಸ್ಪಂದನೆಯಿಲ್ಲದವರಿಗೆ ವಿನಾಯಿತಿ ಇಟ್ಟಿದೆ. ಆದರೆ ಆ ವಿನಾಯಿತಿ ಪಡೆಯಲು ತಜ್ಞ ವೈದ್ಯರು, ಮುಂದಿನ ಪರೀಕ್ಷೆಗಳು, ಸಮಯ ಮೂರೂ ಬೇಕು. ಮಾದರಿ ತೆಗೆಯುವಲ್ಲಿ, ಪರೀಕ್ಷಿಸುವಲ್ಲಿ ಪುರುಷ ಸಿಬ್ಬಂದಿಯ ಜೀವಕೋಶ ಸೇರಿದರೂ ಫಲಿತಾಂಶ ತಪ್ಪಾಗಿ ಬರಬಹುದು. ತನ್ನ ದೇಹದ ಬಗ್ಗೆ ಇಂಥದೊಂದು ಸಂಗತಿ 17 ವರ್ಷದ ಹುಡುಗಿಗೆ ಮೊದಲ ಬಾರಿಗೆ ಕೂಟದ ಕಚೇರಿಯಿಂದ ಬಂದ ಮೆಸೇಜಿನಲ್ಲಿ ತಿಳಿಯಬಾರದು. ಆಪ್ತ ಸಮಾಲೋಚಕರು, ವಂಶವಾಹಿ ತಜ್ಞರು ಜೊತೆಗಿಲ್ಲದೆ ಈ ಪರೀಕ್ಷೆಯನ್ನು ರಾಜ್ಯದೊಳಗಿನ ಯಾವ ಸಂಸ್ಥೆಯೂ ತಾನಾಗಿ ಆರಂಭಿಸಬಾರದು ಎಂದು ಒತ್ತಾಯಿಸುತ್ತೇವೆ.

ಉದ್ದೀಪನ ಮದ್ದಿನ ನಿಯಮದ ಬಗ್ಗೆಯೂ ಹೇಳಲೇಬೇಕು. ಎಲ್ಲ ಚರ್ಚೆಯಲ್ಲೂ ಇದು ಮರೆತುಹೋಗುತ್ತದೆ, ಕಷ್ಟಕ್ಕೆ ಸಿಲುಕುವುದು ಆಟಗಾರರು. ಟ್ರಾನ್ಸ್ ಮಹಿಳೆಯರಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಸ್ತ್ರೀ ಹಾರ್ಮೋನಾದ ಎಸ್ಟ್ರಡಯಾಲ್, ಜೊತೆಗೆ ಟೆಸ್ಟೋಸ್ಟಿರಾನ್ ತಗ್ಗಿಸಲು ಸ್ಪೈರನೋಲ್ಯಾಕ್ಟೋನ್ ಅಥವಾ ಸೈಪ್ರೊಟಿರಾನ್. ಇವುಗಳಲ್ಲಿ ಸ್ಪೈರನೋಲ್ಯಾಕ್ಟೋನ್ ಮೂತ್ರವರ್ಧಕ. ಬೇರೆ ಮದ್ದನ್ನು ಮರೆಮಾಚಬಲ್ಲದು ಎಂಬ ಕಾರಣಕ್ಕೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ. ವೈದ್ಯರ ಚೀಟಿ ಇದ್ದರೆ ಸಾಲದು, ಚಿಕಿತ್ಸಾ ವಿನಾಯಿತಿಗೆ ಮೊದಲೇ ಅರ್ಜಿ ಹಾಕಿ ಪಡೆದಿರಬೇಕು. ರಾಷ್ಟ್ರ ಮಟ್ಟದವರು ರಾಷ್ಟ್ರೀಯ ಸಂಸ್ಥೆ ನಾಡಾಕ್ಕೆ ಅರ್ಜಿ ಹಾಕಬೇಕು. ಟ್ರಾನ್ಸ್ ಪುರುಷರು ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಸ್ಪರ್ಧೆಯಿರಲಿ ಇಲ್ಲದಿರಲಿ ಎಲ್ಲ ಕಾಲಕ್ಕೂ ನಿಷಿದ್ಧ. ವಿನಾಯಿತಿ ಸಿಕ್ಕರೆ ಪುರುಷರ ವಿಭಾಗದಲ್ಲಿ ಆಡಬಹುದು, ಔಷಧಿ ಶುರುವಾದ ಮೇಲೆ ಮಹಿಳೆಯರ ವಿಭಾಗದಲ್ಲಿ ಮುಂದುವರಿಯುವಂತಿಲ್ಲ. ಮೇಲೆ ಹೇಳಿದ ವಾಯುಪಡೆಯ ದಾಖಲೆಗಳಲ್ಲಿ ಒಂದು ವರ್ಷದ ಚಿಕಿತ್ಸೆಯ ನಂತರ ಟ್ರಾನ್ಸ್ ಪುರುಷರ ಓಟಕ್ಕೂ ಪುಷ್ಅಪ್‌ಗೂ ಇತರ ಪುರುಷರದಕ್ಕೂ ಗಮನಾರ್ಹ ವ್ಯತ್ಯಾಸ ಉಳಿದಿರಲಿಲ್ಲ. ಶಿಬಿರದ ವೈದ್ಯರಿಗೆ ಒಂದು ಮಾತು: ಸ್ಪೈರನೋಲ್ಯಾಕ್ಟೋನ್ ರಕ್ತದ ಪೊಟ್ಯಾಸಿಯಂ ಏರಿಸುತ್ತದೆ, ದೇಹದ ನೀರು ತೆಗೆಯುತ್ತದೆ. ಬಳ್ಳಾರಿ, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ದೂರದ ಓಟದ ಅಭ್ಯಾಸ ಮಾಡಿಸುವಾಗ ಇಂಥವರಿಗೆ ಪೊಟ್ಯಾಸಿಯಂ ಪರೀಕ್ಷೆ ಮಾಡಿಸದೆ, ಎಳನೀರನ್ನು ಬೇಕಾದಷ್ಟು ಕುಡಿಯಿರಿ ಎಂದು ಹೇಳಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ.

ಇನ್ನು ನಾವು ಕೇಳುವುದು. ದಸರಾ ಕ್ರೀಡಾಕೂಟ ತಾಲ್ಲೂಕಿನಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ ಏರುವ ಮೆಟ್ಟಿಲು. ಎಲ್ಲ ಮೆಟ್ಟಿಲಿಗೂ ಒಂದೇ ನಿಯಮ ಬೇಡ. ಶಾಲಾ ಕೂಟಗಳ 14 ವರ್ಷದೊಳಗಿನ ವಿಭಾಗದಲ್ಲಿ ಯಾವ ಪರೀಕ್ಷೆಯೂ ಇರಬಾರದು. ಆ ವಯಸ್ಸಿನಲ್ಲಿ ಹರೆಯ ಬೇಗ ಬಂದ ಹುಡುಗಿಗೂ ತಡವಾಗಿ ಬಂದ ಹುಡುಗಿಗೂ ನಡುವೆಯೇ ಸಾಕಷ್ಟು ಅಂತರವಿರುತ್ತದೆ. ತಾಲ್ಲೂಕು, ಜಿಲ್ಲೆ, ಕಾಲೇಜು ಮಟ್ಟದಲ್ಲಿ ಗುರುತಿನ ದಾಖಲೆಯಲ್ಲಿರುವ ಲಿಂಗದಂತೆ ಭಾಗವಹಿಸಲು ಬಿಡಿ, ಆದರೆ ಮೇಲಿನ ಹಂತಕ್ಕೆ ಅರ್ಹತೆ ಬೇರೆಯಾಗಿ ನಿರ್ಧಾರವಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಪ್ರಮಾಣಪತ್ರ ಒಬ್ಬರ ಗುರುತನ್ನು ಹೇಳುತ್ತದೆ, ಕ್ರೀಡಾ ಅರ್ಹತೆಯನ್ನು ಹೇಳುವುದಿಲ್ಲ. ಅದೇ ರೀತಿ ಕ್ರೀಡಾ ಅರ್ಹತೆ ಇಲ್ಲ ಎಂದಮಾತ್ರಕ್ಕೆ ಯಾರೂ ಅವರನ್ನು ಗಂಡಸು ಎಂದು ಕರೆಯುವಂತಿಲ್ಲ. ರಾಷ್ಟ್ರೀಯ ತಂಡಕ್ಕೆ ಆಯ್ಕೆ ನಡೆಯುವ ರಾಜ್ಯ ಚಾಂಪಿಯನ್‌ಷಿಪ್‌ಗಳಲ್ಲಿ ಆಯಾ ಆಟದ ರಾಷ್ಟ್ರೀಯ ಒಕ್ಕೂಟದ ನಿಯಮವೇ ಇರಲಿ, ಸ್ಥಳೀಯ ತಿದ್ದುಪಡಿ ಬೇಡ. ಮಹಿಳಾ ವಿಭಾಗಕ್ಕೆ ಅರ್ಹರಾಗದವರಿಗೆ ಓಡುವ ಜಾಗ ಇಲ್ಲದಂತಾಗಬಾರದು. ರಸ್ತೆ ಓಟದಂಥ ಸ್ಪರ್ಧೆಗಳಲ್ಲಿ ಎಲ್ಲರಿಗೂ ಮುಕ್ತವಾದ ವಿಭಾಗ ಇಟ್ಟು, ಅವರ ಸಮಯವನ್ನು ಅವರ ಹೆಸರಿನಲ್ಲೇ ದಾಖಲಿಸಲು ಹೆಚ್ಚು ಖರ್ಚೇನೂ ಇಲ್ಲ.

ದೂರು ಬಂದರೆ ಏನು ಮಾಡಬೇಕು ಎಂಬುದು ಬರಹದಲ್ಲಿರಲಿ. ಎದುರಾಳಿಯ ಕೋಚ್ ಬಂದು ಆ ಹುಡುಗಿಯ ದನಿ ಗಡಸಾಗಿದೆ, ಮೀಸೆಯಿದೆ ಎಂದರೆ ಅದು ದೂರಲ್ಲ, ಸ್ವೀಕರಿಸಬೇಡಿ. ಯಾವ ಕಾರಣಕ್ಕೂ ಬಟ್ಟೆ ಬಿಚ್ಚಿಸಿ ನೋಡುವುದು, ಮೈ ಮುಟ್ಟಿ ನೋಡುವುದು ಆಗಕೂಡದು. ಅದಕ್ಕೆ ವಿಜ್ಞಾನದ ಆಧಾರವೂ ಇಲ್ಲ, ಕಾನೂನಿನ ಬೆಂಬಲವೂ ಇಲ್ಲ. ಲಿಖಿತ ದೂರು ಒಬ್ಬ ನಿಯೋಜಿತ ವೈದ್ಯಾಧಿಕಾರಿಗೆ ಮಾತ್ರ ಹೋಗಬೇಕು. ಕಡತ ಅವರ ಬಳಿಯೇ ಇರಬೇಕು. ಸಂಘದ ಕಾರ್ಯದರ್ಶಿಗೆ ಅರ್ಹ ಅಥವಾ ಅನರ್ಹ ಎಂಬ ಒಂದು ಪದ ಬಿಟ್ಟು ಬೇರೇನೂ ತಿಳಿಯಬೇಕಿಲ್ಲ. ತೀರ್ಮಾನವಾಗುವವರೆಗೆ ಆಟಗಾರ್ತಿ ಓಡಲಿ, ಫಲಿತಾಂಶವನ್ನು ತಾತ್ಕಾಲಿಕ ಎಂದು ಬರೆದಿಟ್ಟರೆ ಸಾಕು. ಓಡಿದ್ದನ್ನು ಆಮೇಲೆ ಪಟ್ಟಿಯಿಂದ ತೆಗೆಯಬಹುದು, ಓಡಲು ಬಿಡದ ಓಟವನ್ನು ಮತ್ತೆ ನಡೆಸಲಾಗುವುದಿಲ್ಲ.

ಕೊನೆಯದಾಗಿ, ಕೂಟದ ಸುತ್ತೋಲೆಯಲ್ಲೇ ಎರಡು ಸಾಲು ಸೇರಿಸಿ: ಯಾವ ಹಂತದಿಂದ ಯಾವ ಒಕ್ಕೂಟದ ಯಾವ ದಿನಾಂಕದ ಅರ್ಹತಾ ನಿಯಮ ಅನ್ವಯವಾಗುತ್ತದೆ, ಪ್ರಶ್ನೆ ಇದ್ದವರು ಗೌಪ್ಯವಾಗಿ ಯಾವ ವೈದ್ಯಾಧಿಕಾರಿಗೆ ಎಷ್ಟು ದಿನ ಮುಂಚೆ ಬರೆಯಬೇಕು. ಇದು ನೋಂದಣಿಗೆ ಕನಿಷ್ಠ ಎರಡು ತಿಂಗಳು ಮುಂಚೆ ಪ್ರಕಟವಾಗಲಿ. ಚಿಕಿತ್ಸಾ ವಿನಾಯಿತಿಯ ಅರ್ಜಿ ತೀರ್ಮಾನವಾಗಲು, ಸರಿಯಾದ ವಿಧಾನದ ರಕ್ತ ವರದಿ ಕೈಗೆ ಬರಲು ಸಮಯ ಹಿಡಿಯುತ್ತದೆ. ಮುಂದಿನ ಕೂಟದ ಸುತ್ತೋಲೆಯ ಕರಡು ಸಿದ್ಧವಾದಾಗ ಈ ಎರಡು ಸಾಲುಗಳ ಪಠ್ಯವನ್ನು ನಿಮ್ಮೊಂದಿಗೆ ಕೂತು ಬರೆಯಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕ್ರೀಡಾ ವೈದ್ಯಕೀಯ, ಪ್ರಯೋಗಾಲಯ ಮತ್ತು ತರಬೇತಿ ಕ್ಷೇತ್ರದ ಕೆಲವರು